ನಡುವಿನ ಪ್ಲ್ಯಾನ್ ಯಾರಿಗೆ?

ದಾವಣಗೆರೆಯ ಒಂದು ಬಟ್ಟೆ ಅಂಗಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಲು ಹೋದ ನಾನು ಗಲ್ಲಾದ ಪಕ್ಕ ಲ್ಯಾಪ್‌ಟಾಪ್ ಇಟ್ಟು ದರದ ಸ್ಲೈಡ್ ತೋರಿಸಿದೆ. ಮೂರು ಕಾಲಂ, ಒಂದೊಂದರಲ್ಲೂ ಹದಿನಾಲ್ಕು ಸಾಲು, ಸಾಲುಗಳ ತುಂಬ ಟಿಕ್ ಗುರುತು. ಯಜಮಾನರು ಅರ್ಧ ನಿಮಿಷ ನೋಡಿ, "ಇರ್ಲಿ ಬಿಡ್ರಿ, ನಡುವಿಂದು ಕೊಡ್ರಿ" ಎಂದರು. ಆಗ ನನಗೆ ಖುಷಿಯಾಗಿತ್ತು. ಆದರೆ ಅವರ ಅಂಗಡಿಯಲ್ಲಿ ಇದ್ದದ್ದು ಒಂದೇ ಕೌಂಟರ್. ನಡುವಿನ ಪ್ಲ್ಯಾನ್ ಮೂರು ಕೌಂಟರ್ ಇದ್ದವರಿಗೆ.

ಮೂರರಲ್ಲಿ ನಡುವಿನದರ ಕಡೆ ಮನಸ್ಸು ವಾಲುವುದನ್ನು ಇಟಮಾರ್ ಸೈಮನ್ಸನ್ ಮತ್ತು ಏಮೊಸ್ ಟ್ವೆರ್ಸ್ಕಿ 1992ರಲ್ಲಿ ಕ್ಯಾಮೆರಾಗಳನ್ನಿಟ್ಟು ತೋರಿಸಿದರು. ಸುಮಾರು 170 ಮತ್ತು 240 ಡಾಲರಿನ ಎರಡೇ ಕ್ಯಾಮೆರಾ ಮುಂದಿಟ್ಟಾಗ ಜನ ಅರ್ಧಕ್ಕರ್ಧ ಹಂಚಿಹೋದರು. ಜೊತೆಗೆ 470 ಡಾಲರಿನ ಮೂರನೆಯದನ್ನು ಇಟ್ಟಾಗ 240ರದನ್ನು ಆರಿಸಿದವರು ಶೇ 57ಕ್ಕೆ ಏರಿದರು. ಕ್ಯಾಮೆರಾ ಅದೇ, ಬೆಲೆ ಅದೇ. ಪಕ್ಕದಲ್ಲಿ ದುಬಾರಿಯದು ಬಂದು ನಿಂತಿತು, ಅಷ್ಟೇ. ಕೊಳ್ಳುವವನಿಗೆ ವ್ಯತ್ಯಾಸ ತೂಗಿ ನೋಡಲು ಆಗದಿದ್ದಾಗ ನಡುವಿನದು ತಪ್ಪಾಗಲಾರದು ಎನಿಸುತ್ತದೆ. ಈ ವಾಲುವಿಕೆಯನ್ನು ಮಾರಾಟಕ್ಕೆ ಬಳಸಿಕೊಳ್ಳುವುದು ಸುಲಭ. ಆದರೆ ಬೇಡದ್ದಕ್ಕೆ ದುಡ್ಡು ಕೊಟ್ಟವರು ಮುಂದಿನ ವರ್ಷ ನವೀಕರಿಸುವುದಿಲ್ಲ. ನಮ್ಮ ವ್ಯಾಪಾರ ನಿಂತಿರುವುದೇ ನವೀಕರಣದ ಮೇಲೆ.

ಹಾಗಾಗಿ ಸ್ಲೈಡನ್ನು ಮೊದಲಿನಿಂದ ಬರೆದೆ. 'ಬೇಸಿಕ್', 'ಪ್ರೊ' ಎಂಬ ಹೆಸರುಗಳನ್ನು ತೆಗೆದು, ಅಂಗಡಿಯವರು ತಮ್ಮನ್ನೇ ಗುರುತಿಸಿಕೊಳ್ಳುವ ಮಾತು ಹಾಕಿದೆ: 'ಒಂದು ಕೌಂಟರ್', 'ಎರಡು–ಮೂರು ಕೌಂಟರ್', 'ಹಲವು ಶಾಖೆ'. ವರ್ಷಕ್ಕೆ ಕ್ರಮವಾಗಿ ₹3,600, ₹7,200, ₹18,000. ಮೂರರಲ್ಲೂ ಇರುವ ಸೌಲಭ್ಯಗಳನ್ನು ಕೆಳಗೆ ಒಂದೇ ಸಾಲಿಗೆ ಇಳಿಸಿ, ಕಾಲಂಗಳಲ್ಲಿ ಬೇರೆಬೇರೆ ಇರುವುದನ್ನಷ್ಟೇ ಉಳಿಸಿದೆ. ಹದಿನಾಲ್ಕು ಸಾಲು ಮೂರಾಯಿತು. ಇ-ಇನ್‌ವಾಯ್ಸ್ ಮೂರನೇ ಕಾಲಂನಲ್ಲಿ ಮಾತ್ರ ಇದೆ. ವಾರ್ಷಿಕ ವಹಿವಾಟು ₹5 ಕೋಟಿ ದಾಟಿದವರು ಇನ್ನೊಂದು ವ್ಯಾಪಾರಕ್ಕೆ ಮಾರುವಾಗ ಅದು ಕಡ್ಡಾಯ. ಅದರ ಪಕ್ಕ ಆ ಮಿತಿಯನ್ನೂ ಬರೆದೆ, ಇಲ್ಲದಿದ್ದರೆ ಸಣ್ಣ ಅಂಗಡಿಯವರು ಕಾನೂನಿನ ಹೆದರಿಕೆಯಿಂದಲೇ ಮೇಲಿನ ಪ್ಲ್ಯಾನ್‌ಗೆ ಕೈಹಾಕುತ್ತಾರೆ. ನಡುವಿನ ಕಾಲಂ ಮೇಲಿದ್ದ 'ಹೆಚ್ಚು ಜನರ ಆಯ್ಕೆ' ಎಂಬ ಪಟ್ಟಿಯ ಜಾಗಕ್ಕೆ 'ಎರಡನೇ ಕೌಂಟರ್ ಇದ್ದರೆ ಇದು' ಎಂದು ಹಾಕಿದೆ. ಕಾರಣವನ್ನೂ ಹೇಳುವ ಶಿಫಾರಸನ್ನು ಕೊಳ್ಳುವವರು ತಾವೇ ಪರೀಕ್ಷಿಸಬಹುದು.

ಬೆಲೆ ಬರೆಯುವುದರಲ್ಲಿ ನಾನು ಹೆಚ್ಚು ಹಟ ಹಿಡಿದದ್ದು ಜಿಎಸ್‌ಟಿ ವಿಷಯಕ್ಕೆ. ಸಾಫ್ಟ್‌ವೇರ್ ಮೇಲೆ ಶೇ 18 ತೆರಿಗೆ. ಮಾಮೂಲಿ ನೋಂದಣಿ ಇರುವ ವ್ಯಾಪಾರಿ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದೆ ಪಡೆಯುತ್ತಾರೆ, ಅವರಿಗೆ ₹7,200 ಎಂದರೆ ₹7,200. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಆ ಕ್ರೆಡಿಟ್ ಸಿಗುವುದಿಲ್ಲ. ಅವರ ಕೈಯಿಂದ ನಿಜಕ್ಕೂ ಹೋಗುವುದು ₹8,496. 'ತೆರಿಗೆ ಪ್ರತ್ಯೇಕ' ಎಂದು ಚಿಕ್ಕ ಅಕ್ಷರದಲ್ಲಿ ಬರೆದರೆ ಅವರಿಗೆ ಅದು ಕೊನೆಯಲ್ಲಿ ಬೀಳುವ ಪೆಟ್ಟು. ಈಗ ಪ್ರತಿ ಕಾಲಂನಲ್ಲೂ ಎರಡೂ ಮೊತ್ತ ಒಂದೇ ಗಾತ್ರದ ಅಕ್ಷರದಲ್ಲಿವೆ.

ಸ್ಲೈಡಿನ ಅಡಿಗೆ ಇನ್ನೊಂದು ಸಾಲು: 'ನಡುವೆ ಮೇಲಿನ ಪ್ಲ್ಯಾನ್‌ಗೆ ಬಂದರೆ ಉಳಿದ ತಿಂಗಳುಗಳ ವ್ಯತ್ಯಾಸ ಮಾತ್ರ'. ಜನ ದೊಡ್ಡದನ್ನು ಕೊಳ್ಳುವುದು ಹಲವು ಸಲ ಈಗಿನ ಅಗತ್ಯಕ್ಕಲ್ಲ, ಮುಂದೆ ಸಿಕ್ಕಿಹಾಕಿಕೊಳ್ಳುವ ಭಯಕ್ಕೆ. ಆ ಭಯ ಕಳೆದರೆ ಇವತ್ತಿಗೆ ಬೇಕಾದಷ್ಟನ್ನೇ ಕೊಳ್ಳುತ್ತಾರೆ.

ಸ್ಲೈಡ್ ಕೆಲಸ ಮಾಡಿತೋ ಇಲ್ಲವೋ ತಿಳಿಯಲು ನಾನೀಗ ಒಂದೇ ಪ್ರಶ್ನೆ ಕೇಳುತ್ತೇನೆ: "ಇದೇ ಯಾಕೆ ಸರ್?" ಉತ್ತರದಲ್ಲಿ ಅವರ ಅಂಗಡಿ ಬರಬೇಕು. "ನಡುವಿಂದು ಸರಿಯಿರ್ತದೆ" ಎಂದರೆ ಸ್ಲೈಡ್ ಸೋತಿದೆ, ಮತ್ತೆ ಕೌಂಟರ್ ಲೆಕ್ಕದಿಂದ ಮಾತು ಶುರುಮಾಡುತ್ತೇನೆ.

ಅದೇ ದಾವಣಗೆರೆಯ ಯಜಮಾನರ ಬಳಿ ಏಪ್ರಿಲ್‌ನಲ್ಲಿ ನವೀಕರಣಕ್ಕೆ ಹೋದಾಗ ಹೊಸ ಸ್ಲೈಡ್ ತೋರಿಸಿದೆ. ಅವರು ಕಾಂಪೊಸಿಷನ್‌ನಲ್ಲಿದ್ದಾರೆ. ಈ ಸಲ ಅವರೇ ಬೆರಳಿಟ್ಟು ಓದಿದರು. "ಈಗ ಒಂದ ಕೌಂಟರ್ರು. ಹಬ್ಬದ ವ್ಯಾಪಾರಕ್ಕೆ ಸೆಪ್ಟೆಂಬರ್‌ನಾಗ ಇನ್ನೊಂದು ಹಾಕ್ತೀನಿ. ಆವಾಗ ಎಷ್ಟಾಗ್ತದ?" ಎಂದರು. ತಿಂಗಳಿಗೆ ₹300 ವ್ಯತ್ಯಾಸ, ಏಳು ತಿಂಗಳಿಗೆ ₹2,100, ತೆರಿಗೆ ಸೇರಿ ₹2,478. ಮೊದಲ ಪ್ಲ್ಯಾನಿನ ₹4,248 ಕೂಡಿಸಿದರೆ ವರ್ಷಕ್ಕೆ ₹6,726. ಏಪ್ರಿಲ್‌ನಲ್ಲೇ ನಡುವಿನದನ್ನು ಕೊಂಡಿದ್ದರೆ ₹1,770 ಹೆಚ್ಚು. ಅವರು ಬಿಲ್ ಪುಸ್ತಕದ ಹಿಂದೆ ಆ ಮೊತ್ತ ಬರೆದುಕೊಂಡು, ಮೊದಲ ಕಾಲಂ ತೋರಿಸಿ, "ಸದ್ಯಕ್ಕ ಇದು" ಎಂದರು.