ಅಂಚಿನ ಬೆಳಕಿಗೊಂದು ಹೆಸರು

ಕಳೆದ ಮಾಘಮಾಸದಲ್ಲಿ, ಮದುವೆಯ ಮುಹೂರ್ತಗಳು ಒಂದರ ಬೆನ್ನಿಗೊಂದು ಸಾಲುಗಟ್ಟಿದ್ದ ಕಾಲದಲ್ಲಿ, ತೀರ್ಥಹಳ್ಳಿಯ ಕಡೆ ಛಾಯಾಚಿತ್ರವೃತ್ತಿಯನ್ನು ಹಿಡಿದಿರುವ ನನ್ನ ಸೋದರಳಿಯನು ಒಂದು ಸಂಜೆ ನಮ್ಮ ಮನೆಗೆ ಬಂದವನು, ಕೈಯಲ್ಲಿದ್ದ ಫೋನನ್ನು ನನ್ನ ಮುಂದಿರಿಸಿ, "ಮಾವ, ಈ ಹೆಸರು ನನ್ನ ಕೆಲಸಕ್ಕೆ ಅಡ್ಡ ಬರ್ತಾ ಇದೆ. ಬೇರೆ ಒಂದು ಹುಡುಕಿಕೊಡಿ" ಎಂದನು. ಇನ್‌ಸ್ಟಾಗ್ರಾಮಿನಲ್ಲಿ ಅವನ ಹ್ಯಾಂಡಲ್ `malenadu_hakki_clicks` ಎಂದಿದ್ದಿತು. ಆರು ವರ್ಷಗಳ ಹಿಂದೆ, ಆಗುಂಬೆಯ ಕಾಡಂಚಿನಲ್ಲಿ ಮಂಗಟ್ಟೆಹಕ್ಕಿಗಾಗಿ ಕಾದು ಕುಳಿತುಕೊಳ್ಳುತ್ತಿದ್ದ ದಿನಗಳಲ್ಲಿ, ಅವನು ಪ್ರೀತಿಯಿಂದಲೇ ಇಟ್ಟುಕೊಂಡ ಹೆಸರು ಅದು. ಈಗ ಅವನು ಹಕ್ಕಿಗಳನ್ನು ಬಿಟ್ಟಿಲ್ಲವಾದರೂ ಮದುವೆಗಳನ್ನು ತೆಗೆಯುತ್ತಾನೆ, ರಾತ್ರಿಯಿಡೀ ಯಕ್ಷಗಾನದ ಚೌಕಿಯಲ್ಲಿಯೂ ರಂಗಸ್ಥಳದ ಬದಿಯಲ್ಲಿಯೂ ನಿಂತು ಚಿತ್ರ ತೆಗೆಯುತ್ತಾನೆ. ಕೊಪ್ಪದ ಹತ್ತಿರದ ಒಂದು ಮನೆಯಲ್ಲಿ ಮದುಮಗಳ ತಂದೆ ಆ ಹೆಸರನ್ನೋದಿ, "ನೀವು ಹಕ್ಕಿ ಫೋಟೋ ತೆಗೆಯೋರಲ್ವಾ? ಮದುವೆ ತೆಗೆದು ಅಭ್ಯಾಸ ಉಂಟಾ?" ಎಂದು ಕೇಳಿದರಂತೆ. ಕೇಳಿದ್ದು ತಪ್ಪಲ್ಲ, ಹೆಸರು ಹೇಳಿದ್ದನ್ನೇ ಅವರು ನಂಬಿದರು.

ಹಾಗಾದರೆ `madhuve` ಎಂಬ ಪದವನ್ನು ಸೇರಿಸಿದರಾಯಿತೇ ಎಂದರೆ, ನಾಳೆ ಆ ಪದವೇ ಯಕ್ಷಗಾನಕ್ಕೆ ಅಡ್ಡವಾಗುವುದು. ವಿಷಯವನ್ನು ಹೆಸರಿಸುವ ಯಾವ ಪದವಾದರೂ, ಆ ವಿಷಯದಾಚೆಗೆ ಹೋಗುವ ದಿನ ಸೆರೆಯಾಗಿ ಪರಿಣಮಿಸುತ್ತದೆ. ವಿಷಯವನ್ನು ಬಿಟ್ಟು ಬರಿಯ `frames`, `lens`, `clicks` ಎಂಬ ಬಾಲಗಳನ್ನು ಕಟ್ಟಿಕೊಂಡರೆ ಸೆರೆಯೇನೋ ಇಲ್ಲ, ಆದರೆ ಸುಳಿವೂ ಇಲ್ಲ. ಕ್ಯಾಮೆರಾ ಇರುವವರೆಲ್ಲರಿಗೂ ಸಲ್ಲುವ ಪದವು ಒಬ್ಬನನ್ನು ಗುರುತಿಸಲಾರದು. ಇವೆರಡರ ನಡುವೆ ನಿಲ್ಲತಕ್ಕ ಪದವನ್ನು ಎಲ್ಲಿ ಅರಸಬೇಕೆಂಬುದೇ ನಮ್ಮಿಬ್ಬರ ಮುಂದಿದ್ದ ಪ್ರಶ್ನೆ.

ಈ ಸಂದರ್ಭದಲ್ಲಿ ನನಗೆ ನೆನಪಾದದ್ದು ಸಂಡೂರಿನ ಎಂ. ವೈ. ಘೋರ್ಪಡೆಯವರ ಪುಸ್ತಕ. 1983ರಲ್ಲಿ ಪ್ರಕಟವಾದ ಆ ಗ್ರಂಥಕ್ಕೆ ಅವರಿಟ್ಟ ಹೆಸರು 'ಸನ್‌ಲೈಟ್ ಅಂಡ್ ಶಾಡೋಸ್'. ಒಬ್ಬ ಭಾರತೀಯ ವನ್ಯಜೀವಿ ಛಾಯಾಗ್ರಾಹಕನ ದಿನಚರಿ ಇದೆಂಬ ಮಾತು ಬರುವುದು ಅದರ ಉಪಶೀರ್ಷಿಕೆಯಲ್ಲಿ. ಬಿಸಿಲು ನೆರಳುಗಳೆಂಬ ಮೇಲಿನ ಹೆಸರು ಚಿತ್ರಕಾರನ ನೋಟವನ್ನು ಸೂಚಿಸುತ್ತದೆ, ಕೆಳಗಿನ ಸಾಲು ಅವನು ಯಾವುದರ ಚಿತ್ರ ತೆಗೆದನೆಂಬುದನ್ನು ತಿಳಿಸುತ್ತದೆ. ಇನ್‌ಸ್ಟಾಗ್ರಾಮಿನ ಪುಟದಲ್ಲಿಯೂ ಇಂಥ ಎರಡು ಸ್ಥಾನಗಳುಂಟು. ಬಹುಮಂದಿ ಅವೆರಡನ್ನೂ ಒಂದೆಂದೇ ಭಾವಿಸಿ ಹ್ಯಾಂಡಲಿನ ಮೇಲೆಯೇ ಎಲ್ಲ ಭಾರವನ್ನೂ ಹೊರಿಸುತ್ತಾರೆ. ಹ್ಯಾಂಡಲ್ ಒಂದು, ಪ್ರೊಫೈಲಿನ ಮೇಲ್ಗಡೆ ದಪ್ಪಕ್ಷರದಲ್ಲಿ ಕಾಣುವ ಹೆಸರಿನ ಜಾಗ ಇನ್ನೊಂದು. ಹೆಸರಿನ ಜಾಗದಲ್ಲಿ ಕನ್ನಡ ಲಿಪಿಯನ್ನು ಬಳಸಬಹುದು, ಜನರು ಹುಡುಕುವಾಗ ಅದೂ ಲೆಕ್ಕಕ್ಕೆ ಬರುತ್ತದೆ, ಹದಿನಾಲ್ಕು ದಿನಗಳಲ್ಲಿ ಎರಡು ಸಲ ಬದಲಾಯಿಸುವುದಕ್ಕೂ ಅವಕಾಶವಿದೆ. ಆದುದರಿಂದ ಊರು, ಮದುವೆ, ಹಕ್ಕಿ, ಯಕ್ಷಗಾನ ಮುಂತಾದ ಚಂಚಲವಾದ ಸಂಗತಿಗಳೆಲ್ಲವೂ ಅಲ್ಲಿರತಕ್ಕವು. ಹ್ಯಾಂಡಲಿನಲ್ಲಿ ಇರಬೇಕಾದುದು, ವಿಷಯವು ಎಷ್ಟು ಸಲ ಬದಲಾದರೂ ಚಿತ್ರದಲ್ಲಿ ಉಳಿದುಕೊಳ್ಳುವ ಗುಣ.

ಆ ಗುಣವಾವುದೆಂದು ಸೋದರಳಿಯನನ್ನು ಕೇಳಿದರೆ, "ನ್ಯಾಚುರಲ್ ಆಗಿ ತೆಗೀತೀನಿ ಮಾವ" ಎಂದನು. ಯಾವ ಛಾಯಾಗ್ರಾಹಕನಾದರೂ ಕೊಡುವ ಉತ್ತರವೇ ಅದು. ತನ್ನ ಶೈಲಿಯನ್ನು ತಾನೇ ಕಾಣುವುದು ತನ್ನ ನಡಿಗೆಯನ್ನು ತಾನೇ ನೋಡಿಕೊಂಡಷ್ಟು ಕಷ್ಟ. ಅದಕ್ಕಾಗಿ, ಆರು ವರ್ಷಗಳ ಕೆಲಸದಲ್ಲಿ ಅವನಿಗೇ ಮೆಚ್ಚುಗೆಯಾದ 60 ಚಿತ್ರಗಳನ್ನು ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿ ತರಹೇಳಿದೆನು. ಊಟದ ಮೇಜಿನ ಮೇಲೆ ಅವುಗಳನ್ನೆಲ್ಲ ತಲೆಕೆಳಗಾಗಿ ಹರಡಿದೆವು. ತಲೆಕೆಳಗಾದ ಚಿತ್ರದಲ್ಲಿ ಕಣ್ಣು ಹಕ್ಕಿಯನ್ನೋ ಮದುಮಗಳನ್ನೋ ಥಟ್ಟನೆ ಗುರುತಿಸಲಾರದಾಗಿ, ಬೆಳಕು ಎಲ್ಲಿಂದ ಬಿದ್ದಿದೆ, ಕತ್ತಲು ಎಷ್ಟಿದೆ, ಮುಖ್ಯವಸ್ತುವಿನ ಸುತ್ತ ಎಷ್ಟು ತೆರಪಿದೆ ಎಂಬುದರ ಕಡೆಗೇ ತಿರುಗುತ್ತದೆ. ಹಾಗೆ ನೋಡುತ್ತಿರುವಾಗ, ಐದು ನಿಮಿಷವೂ ಕಳೆದಿರಲಿಲ್ಲ, ಅವನ ಅತ್ತೆ, ಎಂದರೆ ನನ್ನ ಮಡದಿ, ಒಗ್ಗರಣೆಯ ಸೌಟನ್ನು ಕೈಯಲ್ಲಿ ಹಿಡಿದೇ ಬಂದವಳು, "ಎಲ್ಲದಕ್ಕೂ ಸುತ್ತ ಜರಿ ಇಟ್ಟ ಹಾಗಿದೆಯಲ್ಲೋ" ಎಂದಳು.

ಅದೇ ನಿಜವಾಗಿತ್ತು. ಎಣಿಸಿದರೆ 60ರಲ್ಲಿ 43 ಚಿತ್ರಗಳಲ್ಲಿ ಬೆಳಕು ವಸ್ತುವಿನ ಹಿಂದಿನಿಂದ ಬಂದು, ಅದರ ಹೊರಮೈಗೆ ತೆಳುವಾದೊಂದು ಹೊಳೆವ ಗೆರೆಯನ್ನೆಳೆದು, ಹಿನ್ನೆಲೆಯನ್ನು ಕತ್ತಲೆಗೆ ಬಿಟ್ಟುಕೊಟ್ಟಿದ್ದಿತು. ಮುಂಜಾನೆ ಕಾಡಿನ ಕಪ್ಪಿನ ಮುಂದೆ ಕುಳಿತ ಹಕ್ಕಿಯ ಗರಿಗಳಲ್ಲಿ ಆ ಗೆರೆ ಇದ್ದಿತು. ಮದುವೆಯಲ್ಲಿ ಒಂದು ಫ್ಲ್ಯಾಶನ್ನು ವಧೂವರರ ಬೆನ್ನ ಹಿಂದೆ ಇರಿಸಿ ತೆಗೆದ ಚಿತ್ರದಲ್ಲಿ ಸೀರೆಯ ಸೆರಗಿನ ಸುತ್ತ, ಯಕ್ಷಗಾನದಲ್ಲಿ ಹಿಂದಣ ದೀಪಕ್ಕೆ ಎದುರಾಗಿ ನಿಂತ ವೇಷದ ಕಿರೀಟದ ಸುತ್ತ, ಅದೇ ಗೆರೆ. ವೃತ್ತಿಯವರು ರಿಮ್ ಲೈಟ್ ಎನ್ನುವುದು ಇದನ್ನೇ. ವಿಷಯಗಳು ಮೂರು, ನೋಟ ಒಂದು. ಪದವನ್ನು ಹುಡುಕಬೇಕಾದ ಜಾಗ ಅಲ್ಲಿಗೆ ಸಿಕ್ಕಿತು. ಉಳಿದ 17 ಚಿತ್ರಗಳನ್ನು ನಾವು ಮರೆಯಲಿಲ್ಲ. ಅವು ಮೊದಲ ಎರಡು ವರ್ಷದವೇ ಹೆಚ್ಚಾಗಿದ್ದು, ಕಳೆದ ನಾಲ್ಕು ವರ್ಷಗಳಲ್ಲಿ ಈ ಅಭ್ಯಾಸ ದೃಢವಾಗುತ್ತಲೇ ಬಂದಿದೆಯೆಂಬುದನ್ನು ತೋರಿಸಿದವು. ಈಚಿನ ಆರು ತಿಂಗಳ ಹುಮ್ಮಸ್ಸಾಗಿದ್ದರೆ ಅದನ್ನು ಹೆಸರಾಗಿಸಲು ನಾನು ಒಪ್ಪುತ್ತಿರಲಿಲ್ಲ.

ಇನ್ನು ಪದ. ಕನ್ನಡದಲ್ಲಿ ಬೆಳಕಿನ ಪದಗಳಿಗೆ ಕೊರತೆಯಿಲ್ಲ. ತೊಂದರೆಯಿರುವುದು ಅವುಗಳನ್ನು ಇಂಗ್ಲಿಷ್ ಅಕ್ಷರಗಳೊಳಕ್ಕೆ ಇಳಿಸುವುದರಲ್ಲಿ. ಇನ್‌ಸ್ಟಾಗ್ರಾಮಿನ ಹ್ಯಾಂಡಲ್ ಕನ್ನಡ ಲಿಪಿಯನ್ನು ಒಪ್ಪುವುದಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಂಡರ್‌ಸ್ಕೋರ್ ಇಷ್ಟಕ್ಕೇ ಅದರ ಅನುಮತಿ, 30 ಅಕ್ಷರಗಳು ಅದರ ಮಿತಿ. ಎಕ್ಸ್ ತಾಣದಲ್ಲಿ ಚುಕ್ಕಿಗೂ ಎಡೆಯಿಲ್ಲ, ಮಿತಿಯೂ 15 ಅಕ್ಷರಗಳೇ. ಎರಡು ಕಡೆಯಲ್ಲಿಯೂ ಒಂದೇ ಹೆಸರಿರಬೇಕೆಂದರೆ 15 ಅಕ್ಷರಗಳೊಳಗೆ, ಚುಕ್ಕಿಯಿಲ್ಲದೆ ಮುಗಿಯಬೇಕು. ಅವನ ಹಳೆಯ ಹೆಸರು 21 ಅಕ್ಷರಗಳದು.

ಮೊದಲು ಅವನಿಗೆ ಹಿಡಿಸಿದ್ದು 'ಇಳಿಬಿಸಿಲು'. ಎಷ್ಟು ಸೊಗಸಾದ ಪದ! ಆದರೆ `ilibisilu` ಎಂದು ಬರೆದೊಡನೆ ಳಕಾರವು ಲಕಾರವಾಗಿ, ಇಳಿಯುವ ಬಿಸಿಲು ಇಲಿಯ ಬಿಸಿಲಾಗಿ ಓದಿಸಿಕೊಳ್ಳುತ್ತದೆ. ಅಲ್ಲದೆ i, l, i ಎಂಬ ಮೂರು ನೆಟ್ಟ ಗೆರೆಗಳು ಫೋನಿನ ಸಣ್ಣ ಅಕ್ಷರದಲ್ಲಿ ಒಂದನ್ನೊಂದು ನುಂಗಿಬಿಡುತ್ತವೆ. 'ಹೊಂಬೆಳಕು' ಎಂಬುದನ್ನು ನಾನೇ ಸೂಚಿಸಿ ನಾನೇ ಹಿಂತೆಗೆದುಕೊಂಡೆನು. ಅದು ಬಣ್ಣವನ್ನು ಹೆಸರಿಸುತ್ತದೆ. ಆಷಾಢದ ಮಳೆಯಲ್ಲಿ ಬೂದಿಬಣ್ಣದ ಬೆಳಕಿನಲ್ಲಿ ತೆಗೆದ ಚಿತ್ರವನ್ನೂ ಕಪ್ಪುಬಿಳುಪಿನ ಚಿತ್ರವನ್ನೂ ಆ ಹೆಸರಿನಡಿಯಲ್ಲಿ ಇಡುವಾಗ ಅವನಿಗೆ ಸಂಕೋಚವಾದೀತು. ವಿಷಯದ ಸೆರೆಯನ್ನು ತಪ್ಪಿಸಿಕೊಂಡು ಬಣ್ಣದ ಸೆರೆಗೆ ಬೀಳುವುದು ಹೀಗೆಯೇ. ಶೈಲಿಯ ಸುಳಿವೂ ಅತಿಯಾಗಿ ಖಚಿತವಾದರೆ ಕಟ್ಟುಹಾಕುತ್ತದೆ.

ಮಡದಿಯ ಜರಿಯ ಮಾತು ನನ್ನ ಮನಸ್ಸಿನಲ್ಲಿ ಸುಳಿಯುತ್ತಲೇ ಇದ್ದಿತು. ಜರಿಯಿರುವುದು ಅಂಚಿನಲ್ಲಿ. ಅಂಚು ಎಂಬ ನಮ್ಮ ಪದ ಸೀರೆಗೂ ಸಲ್ಲುತ್ತದೆ, ಗುಡ್ಡಕ್ಕೂ ಸಲ್ಲುತ್ತದೆ, ಕಾಡಿಗೂ ಸಲ್ಲುತ್ತದೆ. ಬರಿಯ `anchu` ಚಿಕ್ಕದಾಗಿ ಚೆನ್ನಾಗಿದ್ದರೂ ಮುದ್ದಿನ ಹೆಸರಿನಂತೆ ಕೇಳಿಸುವುದಲ್ಲದೆ, ಅಷ್ಟು ಕಿರಿದಾದ ಹೆಸರು ಖಾಲಿಯಿರುವ ಸಂಭವವೇ ಇಲ್ಲ. ಅದಕ್ಕೆ ಬೆಳಕನ್ನು ಸೇರಿಸಿದೆವು: `anchubelaku`, 11 ಅಕ್ಷರ. ಇದರಲ್ಲಿ ದೀರ್ಘಸ್ವರವಿಲ್ಲ, ಆದುದರಿಂದ a ಒಂದೋ ಎರಡೋ ಎಂಬ ಸಂದೇಹ ಹುಟ್ಟುವುದಿಲ್ಲ, ಮಹಾಪ್ರಾಣವಿಲ್ಲ, ಳಕಾರವೊಂದಿದ್ದರೂ 'ಬೆಲಕು' ಎಂಬ ಬೇರೆ ಪದ ಕನ್ನಡದಲ್ಲಿ ಇಲ್ಲವಾಗಿ ಓದುವವನು ದಾರಿ ತಪ್ಪಲಾರನು. ಅಂಡರ್‌ಸ್ಕೋರನ್ನು ನಡುವೆ ಹಾಕೋಣವೆಂದು ಸೋದರಳಿಯನು ಹಟ ಹಿಡಿದನು. ಲಿಂಕಿನ ಅಡಿಗೆರೆಯಲ್ಲಿ ಅದು ಕಾಣದೆಹೋಗುತ್ತದೆಂದೂ, ಫೋನಿನಲ್ಲಿ ಹೇಳುವಾಗ ಪ್ರತಿಸಲವೂ ವಿವರಿಸಬೇಕಾಗುತ್ತದೆಂದೂ ಹೇಳಿ ಬಿಡಿಸಿದೆನು.

ಅನಂತರ ಕಿವಿಯ ಪರೀಕ್ಷೆ. ಮೂವರಿಗೆ ಫೋನು ಮಾಡಿ, ಹೆಸರನ್ನು ಒಂದೇ ಸಲ ಉಚ್ಚರಿಸಿ, ಇಂಗ್ಲಿಷಿನಲ್ಲಿ ಬರೆದು ಕಳುಹಿಸಿರೆಂದು ಕೇಳಿದೆವು. ಶಿವಮೊಗ್ಗದ ಲ್ಯಾಬಿನವನು ಸರಿಯಾಗಿ ಬರೆದನು. ಸೋದರಳಿಯನ ಅಕ್ಕ ಎರಡು ಪದವಾಗಿ ಬಿಡಿಸಿ ಬರೆದಳು, ಅದು ದೋಷವಲ್ಲ. ಚೆನ್ನೈನ ಗೆಳೆಯನೊಬ್ಬನು `anjubelagu` ಎಂದು ಬರೆದನು. ಕನ್ನಡ ಬಾರದವರ ಕಿವಿಯಲ್ಲಿ ಚ ಮತ್ತು ಜ, ಕ ಮತ್ತು ಗ ಹೀಗೆ ಕಲೆಯುವುದು ಸಹಜ. ಇದು ಈ ಹೆಸರಿನ ನಿಜವಾದ ಮಿತಿ. ಸೋದರಳಿಯನ ಗಿರಾಕಿಗಳು ಮಲೆನಾಡಿನವರೂ ಬೆಂಗಳೂರಿನವರೂ ಆಗಿರುವುದರಿಂದ ನಾವು ಅದನ್ನು ಒಪ್ಪಿಕೊಂಡೆವು. ಅವರಲ್ಲಿ ಅರ್ಧದಷ್ಟು ಜನ ಹೊರರಾಜ್ಯದವರಾಗಿದ್ದರೆ ಸ್ವಂತ ಹೆಸರನ್ನೇ ಇಟ್ಟುಕೋ ಎನ್ನುತ್ತಿದ್ದೆನು. ಮೈಸೂರಿನ ಟಿ. ಎಸ್. ಸತ್ಯನ್ ಅವರು ಮಕ್ಕಳನ್ನೂ ಜನಸಾಮಾನ್ಯರ ದಿನಗಳನ್ನೂ ಸುದ್ದಿಯನ್ನೂ ಒಂದೇ ಸಹಿಯಡಿಯಲ್ಲಿ ತೆಗೆದರು. ಸ್ವಂತ ಹೆಸರು ಯಾವುದಕ್ಕೂ ಕಟ್ಟುಹಾಕದು; ಆದರೆ ಅದು ಸುಳಿವನ್ನು ಕೊಡಬೇಕಾದರೆ ಮೊದಲು ಪ್ರಸಿದ್ಧವಾಗಬೇಕು, ಇಪ್ಪತ್ತೊಂಬತ್ತರ ಹುಡುಗನ ಮುಂದೆ ಆ ದಾರಿ ಇನ್ನೂ ಉದ್ದವಾಗಿದೆ.

ಹೆಸರನ್ನು ಬದಲಾಯಿಸುವುದಕ್ಕೆ ಮೊದಲು ಬೇರೆ ತಾಣಗಳಲ್ಲಿ ಅದು ಖಾಲಿಯಿದೆಯೇ ಎಂದು ನೋಡಿ, ಖಾಲಿಯಿದ್ದಲ್ಲೆಲ್ಲ ಅದೇ ಗಂಟೆಯಲ್ಲಿ ತೆಗೆದುಕೊಂಡೆವು. ಒಂದರಲ್ಲಿ ಬದಲಾಯಿಸಿ ಮರುದಿನ ಇನ್ನೊಂದರಲ್ಲಿ ಹುಡುಕುವಷ್ಟರಲ್ಲಿ ಕಳೆದುಕೊಂಡವರನ್ನು ನಾನು ಬಲ್ಲೆನು. ಇನ್‌ಸ್ಟಾಗ್ರಾಮಿನಲ್ಲಿ ಬದಲಾಯಿಸಿದ ಮೇಲೆ, ಮನಸ್ಸು ತಿರುಗಿದರೆ ಹಳೆಯ ಹೆಸರಿಗೆ ಮರಳಲು ಸಾಮಾನ್ಯವಾಗಿ 14 ದಿನಗಳ ಅವಕಾಶವಿರುತ್ತದೆ. ಅಷ್ಟರಲ್ಲಿ ಬೇರೆ ಕಡೆ ಕೊಟ್ಟಿದ್ದ ಹಳೆಯ ಲಿಂಕುಗಳನ್ನೆಲ್ಲ ತಿದ್ದಿ ಮುಗಿಸುವುದು ಒಳ್ಳೆಯದು. ತಿದ್ದಲಾಗದೆ ಉಳಿಯುವುದು ಚಿತ್ರಗಳ ಮೂಲೆಯ ವಾಟರ್‌ಮಾರ್ಕ್. ಆರು ವರ್ಷಗಳ ಹಕ್ಕಿಗಳೆಲ್ಲವೂ ಹಳೆಯ ಹೆಸರನ್ನು ಹೊತ್ತು ಪರರ ಫೋನುಗಳಲ್ಲಿ ಹಾರಾಡುತ್ತಿವೆ. ಅವುಗಳಿಗಾಗಿಯೇ ಬಯೋದಲ್ಲಿ ಹಳೆಯ ಹೆಸರನ್ನು ಒಂದು ವರ್ಷದವರೆಗೆ ಉಳಿಸಿಕೊಳ್ಳುವುದೆಂದು ನಿಶ್ಚಯಿಸಿದೆವು.

ಈಗ ದಪ್ಪಕ್ಷರದ ಜಾಗದಲ್ಲಿ, ಕನ್ನಡದಲ್ಲಿ, 'ಮದುವೆ, ಯಕ್ಷಗಾನ, ಹಕ್ಕಿ – ತೀರ್ಥಹಳ್ಳಿ' ಎಂದಿದೆ. ಮಳೆಗಾಲ ಹಿಡಿದು ಮದುವೆಗಳು ನಿಂತೊಡನೆ ಆ ಸಾಲಿನಲ್ಲಿ ಹಕ್ಕಿಯನ್ನು ಮುಂದಕ್ಕೆ ತರುವೆನೆಂದು ಅವನು ಹೇಳುತ್ತಾನೆ. ಹಳೆಯ ವಿಸಿಟಿಂಗ್ ಕಾರ್ಡುಗಳು ಇನ್ನೂ ಇನ್ನೂರರಷ್ಟಿವೆ. ಎಸೆಯಲು ಮನಸ್ಸಾಗದೆ, ಬಿಡುವಿನ ರಾತ್ರಿಗಳಲ್ಲಿ ಒಂದೊಂದರ ಬೆನ್ನಿಗೂ `anchubelaku` ಎಂದು ಕಪ್ಪು ಮಸಿಯಿಂದ ದುಂಡಗೆ ಬರೆಯುತ್ತಿದ್ದಾನೆ.