ಕೊಟೇಷನ್ ಕೊಟ್ಟ ಮೇಲೆ ಗಿರಾಕಿ ಸುಮ್ಮನಾದರೆ

ಕೊಟೇಷನ್ ತಲುಪಿ ಎರಡು ವಾರವಾದರೂ ಗಿರಾಕಿ ಹೌದೆಂದೂ ಹೇಳದೆ, ಬೇಡವೆಂದೂ ಹೇಳದೆ ಇದ್ದರೆ ಬಹಳ ಸಲ ಆ ಕಾಗದ ಇನ್ನೊಬ್ಬರ ಮೇಜಿನ ಮೇಲೆ ನಿಂತಿರುತ್ತದೆ. ಕೊಟೇಷನ್ ಕೇಳಿದವರು ಒಬ್ಬರು, ಹಣ ಬಿಡುಗಡೆ ಮಾಡುವವರು ಇನ್ನೊಬ್ಬರು, ನಡುವೆ ಅನುಮಾನ ಪಡುವವರು ಮತ್ತೂ ಒಬ್ಬಿಬ್ಬರು. ಹಾಗಾಗಿ ಫಾಲೋ ಅಪ್ ಎಂದರೆ ನೆನಪಿಸುವುದಷ್ಟೇ ಅಲ್ಲ. ಕಾಗದ ಎಲ್ಲಿ ನಿಂತಿದೆ ಎಂದು ತಿಳಿದು, ಅಲ್ಲಿಂದ ಅದು ಮುಂದೆ ಹೋಗಲು ಬೇಕಾದುದನ್ನು ಒದಗಿಸುವುದು.

ಬೆಂಗಳೂರಿನ ಪೀಣ್ಯದಲ್ಲಿ ಇಬ್ಬರು ಅಣ್ಣತಮ್ಮಂದಿರ ಪಾಲುದಾರಿಕೆಯಲ್ಲಿ ನಡೆಯುವ, ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಅದರ ಚಾವಣಿಗೆ 50 ಕಿಲೋವ್ಯಾಟ್ ಸೋಲಾರ್ ಅಳವಡಿಸಲು 24 ಲಕ್ಷ ರೂಪಾಯಿಯ ಕೊಟೇಷನ್ ಜುಲೈ 3ರಂದು ಹೋಗಿದೆ. ತಮ್ಮ ಖುದ್ದಾಗಿ ಚಾವಣಿ ಹತ್ತಿ ಅಳತೆ ಮಾಡಿಸಿದ್ದ, ಉತ್ಸಾಹದಿಂದ ಮಾತಾಡಿದ್ದ. ಜುಲೈ 17 ಆದರೂ ಅವನಿಂದ ಸುದ್ದಿ ಇಲ್ಲ.

ಒಳಗೆ ಏನಾಗಿರಬಹುದು? ಚೆಕ್‌ಗೆ ಸಹಿ ಹಾಕುವವನು ಅಣ್ಣ. ಅವನು ಆಡಿಟರ್ ಮಾತಿಲ್ಲದೆ ದೊಡ್ಡ ಖರ್ಚಿಗೆ ಕೈ ಹಾಕುವುದಿಲ್ಲ. ಶೀಟಿಗೆ ತೂತು ಕೊರೆದರೆ ಮಳೆನೀರು ಯಂತ್ರದ ಮೇಲೆ ಸುರಿದೀತೇ ಎಂಬುದು ಶಾಪ್ ಸೂಪರ್‌ವೈಸರನ ಚಿಂತೆ. ಸಾಲ ಕೊಡಬೇಕಾದ ಬ್ಯಾಂಕಿಗೆ ಹಣ ಎಷ್ಟು ವರ್ಷದಲ್ಲಿ ಮರಳುತ್ತದೆ ಎಂಬ ಲೆಕ್ಕ ಬೇಕು. ಕೊಟೇಷನ್ನಿನಲ್ಲಿ ಇರುವುದಾದರೋ ಪ್ಯಾನೆಲ್‌ನ ವ್ಯಾಟ್, ಇನ್ವರ್ಟರಿನ ಕಂಪನಿ, ವಾರಂಟಿ. ಉತ್ಸಾಹ ತೋರಿದ ತಮ್ಮನಿಗೆ ಉಳಿದವರ ಪ್ರಶ್ನೆಗಳಿಗೆ ಹೇಳಲು ಉತ್ತರವಿಲ್ಲ, ಆದ್ದರಿಂದ ಫೋನ್ ಎತ್ತಲು ಅವನಿಗೆ ಸಂಕೋಚ. ಇದರ ಮೇಲೆ ತಿಂಗಳು ಆಷಾಢವಾಗಿದ್ದರೆ, ಅನೇಕ ಮನೆತನದ ವ್ಯವಹಾರಗಳಲ್ಲಿ ಹೊಸ ಕೆಲಸಕ್ಕೆ ಮುಹೂರ್ತವೇ ಇಲ್ಲ. ಅದನ್ನು ಯಾರೂ ಇಮೇಲ್‌ನಲ್ಲಿ ಬರೆದು ತಿಳಿಸುವುದಿಲ್ಲ.

ಮತ್ತೆ ಬರೆಯುವ ಮೊದಲು ಕಳಿಸಿದ್ದನ್ನೇ ಒಮ್ಮೆ ತೆರೆದು ನೋಡಬೇಕು. ಭಾರದ ಫೈಲ್ ಸ್ಪ್ಯಾಮಿಗೆ ಬಿದ್ದಿರಬಹುದು. ಬೆಲೆಗೆ ಹದಿನೈದು ದಿನದ ಗಡುವು ಇದ್ದರೆ ಅದು ನಾಳೆಗೇ ಮುಗಿಯುತ್ತದೆ, ಅದನ್ನು ಇಂದೇ ತಿಳಿಸುವುದು ಸರಿ. ಮುಗಿದ ಮೇಲೆ ತಿಳಿಸಿದರೆ ಬೆದರಿಕೆಯಂತೆ ಕೇಳಿಸುತ್ತದೆ.

ಮರುಸಂದೇಶದಲ್ಲಿ ಗಿರಾಕಿಗೆ ಉಪಯೋಗವಾಗುವ ಒಂದು ಹೊಸ ಸಂಗತಿ ಇರಬೇಕು. ‘ನಮ್ಮ ಕೊಟೇಷನ್ ನೋಡಿದಿರಾ?’ ಎಂದಷ್ಟೇ ಕೇಳಿದರೆ ನೋಡಿಲ್ಲದವರಿಗೆ ಮುಜುಗರ, ನೋಡಿದವರಿಗೆ ಹೇಳಲು ಏನೂ ಇಲ್ಲ. ಸೋಲಾರ್ ವಿಷಯದಲ್ಲಿ ಅಂಥ ಸಂಗತಿ ಆದಾಯ ತೆರಿಗೆಯಲ್ಲೇ ಸಿಗುತ್ತದೆ. ಸೋಲಾರ್ ಘಟಕಕ್ಕೆ ವರ್ಷಕ್ಕೆ ಶೇ. 40 ಸವಕಳಿ ಇದೆ. ಆದರೆ ಕೊಂಡ ಹಣಕಾಸು ವರ್ಷದಲ್ಲಿ ಘಟಕ 180 ದಿನಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಆ ವರ್ಷ ಸಿಗುವುದು ಅದರ ಅರ್ಧ ಮಾತ್ರ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ ಮೊದಲ ಎರಡು ಮೂರು ದಿನಗಳೊಳಗೆ ಘಟಕ ಚಾಲೂ ಆಗಿರಬೇಕು. ಜಿಎಸ್‌ಟಿ ಬಿಟ್ಟು 24 ಲಕ್ಷಕ್ಕೆ ಪೂರ್ತಿ ಸವಕಳಿ 9.6 ಲಕ್ಷ, ಅರ್ಧವಾದರೆ 4.8 ಲಕ್ಷ. ಪಾಲುದಾರಿಕೆ ಸಂಸ್ಥೆಯ ಶೇ. 30 ತೆರಿಗೆ ದರದಲ್ಲಿ ಮೊದಲ ವರ್ಷದ ತೆರಿಗೆಯಲ್ಲಿ ಸುಮಾರು 1.44 ಲಕ್ಷದ ವ್ಯತ್ಯಾಸ. ಈ ಹಣ ಕಳೆದುಹೋಗುವುದಿಲ್ಲ, ಮುಂದಿನ ವರ್ಷಗಳಿಗೆ ಹೋಗುತ್ತದೆ. ಅದನ್ನೂ ಹೇಳಿಬಿಡಬೇಕು, ಯಾಕೆಂದರೆ ಆಡಿಟರ್‌ಗೆ ಅದು ಗೊತ್ತು. ಮುಚ್ಚಿಟ್ಟರೆ ಉಳಿದ ಲೆಕ್ಕದ ಮೇಲೂ ನಂಬಿಕೆ ಹೋಗುತ್ತದೆ.

ಬೆಸ್ಕಾಂ ಅನುಮತಿ, ಸಾಮಾನು ತರಿಸುವುದು, ಅಳವಡಿಕೆ, ಪರಿಶೀಲನೆ, ಮೀಟರ್ ಜೋಡಣೆ ಎಲ್ಲಕ್ಕೂ ಎರಡು ತಿಂಗಳು ಹಿಡಿಯುತ್ತದೆ ಎಂದಿಟ್ಟುಕೊಂಡರೆ, ತೀರ್ಮಾನ ಆಗಸ್ಟ್ ಶುರುವಿಗೆ ಆಗಬೇಕು. ಗಡುವು ಹೀಗೆ ಗಿರಾಕಿಯ ಲೆಕ್ಕದಿಂದ ಹುಟ್ಟಿದಾಗ ಅದರಲ್ಲಿ ಒತ್ತಡದ ಧ್ವನಿ ಇರುವುದಿಲ್ಲ. ಸಂದೇಶ ಇಷ್ಟಿದ್ದರೆ ಸಾಕು: ‘ನಮಸ್ಕಾರ ಸರ್. ಜುಲೈ 3ರ 50 ಕಿಲೋವ್ಯಾಟ್ ಸೋಲಾರ್ ಕೊಟೇಷನ್ ವಿಷಯ. ಅಕ್ಟೋಬರ್ ಮೊದಲ ದಿನಗಳೊಳಗೆ ಚಾಲೂ ಆದರೆ ಈ ವರ್ಷವೇ ಪೂರ್ತಿ ಸವಕಳಿ ಸಿಗುತ್ತದೆ. ಆಡಿಟರ್‌ಗೆ ತೋರಿಸಲು ಒಂದು ಪುಟದ ಲೆಕ್ಕ ಜೊತೆಗಿಟ್ಟಿದ್ದೇನೆ. ಅವರ ಜೊತೆ ಈಗಲೇ ಮಾತಾಡಲೇ, ಇಲ್ಲ ಆಷಾಢ ಕಳೆದ ಮೇಲೆ ಬರಲೇ?’ ಕೊನೆಯ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರಿಸಬಹುದು. ಮೌನ ಮುರಿಯಲು ಅಷ್ಟು ಸುಲಭದ ದಾರಿಯೇ ಬೇಕು. ಹಳೆಯ ಇಮೇಲಿಗೇ ರಿಪ್ಲೈ ಆಗಿ ಇದನ್ನು ಕಳಿಸಿದರೆ ಕೊಟೇಷನ್ ಹುಡುಕುವ ಶ್ರಮವೂ ಅವರಿಗೆ ತಪ್ಪುತ್ತದೆ.

ಎರಡು ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಫೋನ್ ಮಾಡಬಹುದು. ಸಣ್ಣ ಕಾರ್ಖಾನೆಯಲ್ಲಿ ತಿಂಗಳ ಮೊದಲ ವಾರ ಸಂಬಳದ್ದು. 7ಕ್ಕೆ ಟಿಡಿಎಸ್, 15ಕ್ಕೆ ಪಿಎಫ್ ಮತ್ತು ಇಎಸ್ಐ, 20ಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ಕಟ್ಟುವ ಕೊನೆಯ ದಿನ. ಈ ದಿನಗಳ ಮುನ್ನಾದಿನ ಮಾಲೀಕರ ಮನಸ್ಸು ಬೇರೆಡೆ ಇರುತ್ತದೆ. 21ರ ನಂತರ ಮಾತು ಸಾವಧಾನವಾಗಿ ನಡೆದೀತು.

ಫೋನಿನಲ್ಲಿ ಸಿಗುವ ಉತ್ತರವನ್ನು ಕಿವಿಗೊಟ್ಟು ಕೇಳಬೇಕು. ‘ಶೀಟ್ ಸೋರಲ್ವಾ?’, ‘ಎಷ್ಟು ದಿನ ಕರೆಂಟ್ ತೆಗೀಬೇಕು?’ ಎಂಬ ಪ್ರಶ್ನೆ ಬಂದರೆ ಕೆಲಸ ಜೀವಂತವಾಗಿದೆ. ಅಂಥ ಪ್ರಶ್ನೆ ಹುಟ್ಟುವುದು ಅಳವಡಿಕೆಯನ್ನು ಮನಸ್ಸಿನಲ್ಲಿ ಕಂಡವರಿಗೆ ಮಾತ್ರ. ಶೀಟ್ ಕೊರೆಯದೆ ಏಣಿಗೆ ಕ್ಲ್ಯಾಂಪ್ ಹಾಕಬಹುದೇ ಎಂದು ಸೂಪರ್‌ವೈಸರನಿಗೆ ಜಾಗದಲ್ಲೇ ತೋರಿಸಿ ಬರುವುದು ಹತ್ತು ಸಂದೇಶಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ‘ಅಣ್ಣನ್ನ ಕೇಳಿ ಹೇಳ್ತೀನಿ’ ಎಂದರೆ ಅಣ್ಣನ ಜೊತೆ ಹತ್ತು ನಿಮಿಷ ಕೂರಲು ತಮ್ಮನ ಮೂಲಕವೇ ಕೇಳಬೇಕು. ಅವನನ್ನು ದಾಟಿ ನೇರ ಅಣ್ಣನಿಗೆ ಫೋನ್ ಮಾಡಿದರೆ ಒಳಗಿರುವ ಒಬ್ಬನೇ ಹಿತೈಷಿ ದೂರವಾಗುತ್ತಾನೆ. ‘ನೋಡೋಣ, ನಾವೇ ಹೇಳ್ತೀವಿ’ ಎಂಬ ಮಾತಿನ ಜೊತೆ ಯಾವ ಪ್ರಶ್ನೆಯೂ ಇಲ್ಲದಿದ್ದರೆ ಭರವಸೆ ಕಡಿಮೆ. ಬೇರೆಯವರಿಗೆ ಕೊಡಬೇಕೆಂದು ಮೊದಲೇ ತೀರ್ಮಾನಿಸಿ, ಹೋಲಿಕೆಗೆ ಮೂರನೆಯ ಕೊಟೇಷನ್ ಬೇಕೆಂದು ತರಿಸಿಕೊಂಡಿರುವುದೂ ಉಂಟು. ಅಂಥವರು ಮೊತ್ತವನ್ನಷ್ಟೇ ಕೇಳಿರುತ್ತಾರೆ, ಚಾವಣಿ ತೋರಿಸಲು ಬಿಡುವು ಮಾಡಿಕೊಂಡಿರುವುದಿಲ್ಲ.

ಈ ಹಂತದಲ್ಲಿ ಆಗುವ ದೊಡ್ಡ ತಪ್ಪು, ಕೇಳದೆ ಬೆಲೆ ಇಳಿಸುವುದು. ಮೌನಕ್ಕೆ ಕಾರಣ ಬೆಲೆಯೇ ಎಂದು ಊಹಿಸಿ ‘24 ಬೇಡ, 22 ಕೊಡಿ’ ಎಂದರೆ ಮೊದಲ ಬೆಲೆಯಲ್ಲಿ ಎರಡು ಲಕ್ಷ ಸುಳ್ಳಿತ್ತು ಎಂದು ಒಪ್ಪಿಕೊಂಡಂತೆ. ಇನ್ನೂ ಸುಮ್ಮನಿದ್ದರೆ ಮತ್ತಷ್ಟು ಇಳಿದೀತು ಎಂದು ಗಿರಾಕಿಯೂ ಕಾಯುತ್ತಾನೆ. ಬೆಲೆ ಹೆಚ್ಚಾಯಿತೆಂದು ಅವರೇ ಹೇಳಿದರೆ ಕೆಲಸವನ್ನೂ ಅದಕ್ಕೆ ತಕ್ಕಂತೆ ಕಡಿಮೆ ಮಾಡಬಹುದು: ಈಗ 30 ಕಿಲೋವ್ಯಾಟ್ ಹಾಕಿ, ಉಳಿದುದನ್ನು ಮುಂದಿನ ವರ್ಷಕ್ಕೆ ಬಿಡುವಂತೆ.

ಆಗಸ್ಟ್ ಮೊದಲ ವಾರದವರೆಗೂ ಸದ್ದಿಲ್ಲದಿದ್ದರೆ ಕೊನೆಯ ಸಂದೇಶ ಕಳಿಸುವ ಹೊತ್ತು. ಕೊಟೇಷನ್ ಗಡುವು ಮುಗಿದಿದೆ, ಅಕ್ಟೋಬರಿನೊಳಗೆ ಚಾಲೂ ಮಾಡುವುದು ಇನ್ನು ಕಷ್ಟ, ಆದ್ದರಿಂದ ಫೈಲನ್ನು ಸದ್ಯಕ್ಕೆ ಮುಚ್ಚಿದ್ದೇವೆ, ಬೇಕಾದಾಗ ಹೊಸ ದರದಲ್ಲಿ ಮತ್ತೆ ಮಾಡಿಕೊಡುತ್ತೇವೆ ಎಂದು ಬೇಸರದ ಸುಳಿವಿಲ್ಲದೆ ಬರೆದರೆ ಸಾಕು. ಉತ್ತರ ಕೊಡಲಿಲ್ಲವೆಂಬ ಸಂಕೋಚ ಇದರಿಂದ ಇಳಿಯುವುದರಿಂದ, ಕೆಲವರು ಈ ಸಂದೇಶಕ್ಕೇ ಮೊದಲ ಬಾರಿ ಮಾತಾಡುತ್ತಾರೆ. ಉಳಿದವರ ಹೆಸರಿನ ಮುಂದೆ ಮುಂದಿನ ಏಪ್ರಿಲ್ ಎಂದು ಬರೆದಿಟ್ಟುಕೊಳ್ಳಬೇಕು. ಹೊಸ ಹಣಕಾಸು ವರ್ಷ ಶುರುವಾಗುವಾಗ ಸವಕಳಿಯ ಲೆಕ್ಕ ಮತ್ತೆ ಪೂರ್ತಿಯಾಗಿ ಸಿಗುತ್ತದೆ. ಆಗ ಹೋಗಬೇಕಾದುದು ಹಳೆಯ 24 ಲಕ್ಷದ ಕಾಗದವಲ್ಲ, ಅಂದಿನ ಪ್ಯಾನೆಲ್ ಬೆಲೆಗೆ ಹೊಸದಾಗಿ ಕಟ್ಟಿದ ಕೊಟೇಷನ್.