ಮೇಲಿನ ಸ್ಪ್ರಿಂಗ್ ಬಿಗಿಯಾದರೆ ಕೆಳಗಿನ ತೂಕ ಎಷ್ಟು ಏರುತ್ತದೆ?

ಸೂರಿನ ಕೊಕ್ಕೆಗೆ ಒಂದು ಸ್ಪ್ರಿಂಗ್, ಅದರ ತುದಿಗೆ ಒಂದು ತೂಕ. ಆ ತೂಕದ ಕೆಳಗೆ ಇನ್ನೊಂದು ಸ್ಪ್ರಿಂಗ್, ಅದರ ತುದಿಗೆ ಇನ್ನೊಂದು ತೂಕ. ಮೇಲಿನ ಸ್ಪ್ರಿಂಗನ್ನು ಬದಲಿಸಿ ಕೊಂಚ ಬಿಗಿಯಾದದ್ದನ್ನು ಹಾಕಿದರೆ ಎರಡು ತೂಕಗಳೂ ಎಷ್ಟೆಷ್ಟು ಮೇಲೇರುತ್ತವೆ? ಸೇತುವೆಯ ಒಂದು ತೊಲೆಯನ್ನು ಗಟ್ಟಿ ಮಾಡಿದರೆ ಬಾಗು ಎಷ್ಟು ತಗ್ಗೀತು ಎಂದು ಎಂಜಿನಿಯರ್ ಹಾಕುವ ಲೆಕ್ಕವೂ ಇದೇ ಜಾತಿಯದು.

ಮೇಲಿನ ಸ್ಪ್ರಿಂಗಿನ ಬಿಗಿತ k1, ಕೆಳಗಿನದರದ್ದು k2 ಇರಲಿ. ತೂಕಗಳು ಎಳೆಯುವ ಬಲ f, ಅವು ಇಳಿಯುವ ದೂರ u. ಇವೆರಡನ್ನೂ ಬೆಸೆಯುವುದು ಬಿಗಿತದ ಮ್ಯಾಟ್ರಿಕ್ಸ್ K. ಸಮೀಕರಣ `K u = f`. ನಮಗೆ ಬೇಕಾದದ್ದು u, ಅಂದರೆ K ಯ ವಿಲೋಮ. k1 = k2 = 1 ಆದಾಗ:

```
K   = [ 2  -1 ]     K⁻¹ = [ 1  1 ]
      [-1   1 ]           [ 1  2 ]
```

k1 ಬದಲಾದರೆ K ಬದಲಾಗುತ್ತದೆ, K⁻¹ ಕೂಡ. ಹಾಗಾದರೆ K⁻¹ ಬದಲಾಗುವ ದರ ಎಷ್ಟು? ಪ್ರತಿ ಸಲವೂ ವಿಲೋಮವನ್ನು ಬಿಡಿಸಿ ಬರೆದು, ಒಂದೊಂದೇ ಮನೆಯ ಡೆರಿವೇಟಿವ್ ತೆಗೆಯಬಹುದು. ಎರಡು ಸ್ಪ್ರಿಂಗಿಗೆ ಅದು ಸರಿ, ಸಾವಿರ ತೊಲೆಗಳ ಸೇತುವೆಗೆ ಆಗದ ಮಾತು. ಅದರ ಬದಲು ಯಾರೂ ಅಲ್ಲಗಳೆಯಲಾಗದ ಒಂದು ಸಂಗತಿಯಿಂದ ಹೊರಡೋಣ. K ಯನ್ನು ಅದರ ವಿಲೋಮದಿಂದ ಗುಣಿಸಿದರೆ ಬರುವುದು ಏಕಮಾನ ಮ್ಯಾಟ್ರಿಕ್ಸ್ I. k1 ಏನೇ ಆಗಲಿ, I ಕದಲುವುದಿಲ್ಲ. ಅದರ ಡೆರಿವೇಟಿವ್ ಸೊನ್ನೆ. ಎಡಬದಿಗೆ ಪಿಯುಸಿಯಲ್ಲಿ ಕಲಿತ ಗುಣಲಬ್ಧದ ನಿಯಮವನ್ನೇ ಹಚ್ಚಿದರೆ:

```
K K⁻¹ = I
K' K⁻¹ + K (K⁻¹)' = 0
(K⁻¹)' = - K⁻¹ K' K⁻¹
```

ಮೂರನೇ ಸಾಲಿಗೆ ಬರಲು ಮಾಡಿದ್ದಿಷ್ಟೇ: ಮೊದಲ ಪದವನ್ನು ಆಚೆ ಕಳಿಸಿ, ಎರಡೂ ಕಡೆ ಎಡದಿಂದ K⁻¹ ಗುಣಿಸಿದ್ದು.

ಎಡವುವುದು ಇಲ್ಲಿಯೇ. ಸಾಮಾನ್ಯ ಸಂಖ್ಯೆಗಳಲ್ಲಿ 1/a ಯ ಡೆರಿವೇಟಿವ್ −a'/a². ಅದೇ ರೂಢಿಯಲ್ಲಿ ಎರಡು ವಿಲೋಮಗಳನ್ನು ಒಟ್ಟಿಗೆ ಸೇರಿಸಿ −K'K⁻² ಎಂದು ಬರೆಯಲು ಕೈ ತುಡಿಯುತ್ತದೆ. ಆದರೆ ಮ್ಯಾಟ್ರಿಕ್ಸ್‌ಗಳ ಗುಣಾಕಾರದಲ್ಲಿ ಹಿಂದುಮುಂದು ಮಾಡುವಂತಿಲ್ಲ. k1 ಇರುವುದು K ಯ ಮೇಲಿನ ಎಡ ಮನೆಯಲ್ಲಿ ಮಾತ್ರ. ಆದ್ದರಿಂದ K' ನಲ್ಲಿ ಅಲ್ಲೊಂದು 1, ಉಳಿದೆಡೆ ಸೊನ್ನೆ. ಎರಡನ್ನೂ ಲೆಕ್ಕ ಹಾಕಿ ನೋಡಿ:

```
- K⁻¹ K' K⁻¹ = [ -1  -1 ]     - K' K⁻² = [ -2  -3 ]
               [ -1  -1 ]                [  0   0 ]
```

ಬಲಗಡೆಯದು ತಪ್ಪೆಂದು ತಿಳಿಯಲು ಗಣಿತವೇ ಬೇಕಿಲ್ಲ. ಅದರ ಕೆಳಸಾಲಿನ ಸೊನ್ನೆಗಳ ಪ್ರಕಾರ, ಮೇಲಿನ ಸ್ಪ್ರಿಂಗ್ ಬಿಗಿಯಾದರೂ ಕೆಳಗಿನ ತೂಕ ಇದ್ದಲ್ಲೇ ಇರುತ್ತದೆ. ಮೇಲಿನದಕ್ಕೇ ಜೋತುಬಿದ್ದಿರುವ ತೂಕ ಏರದೆ ಇದ್ದೀತೇ? ಇನ್ನೊಂದು ಸುಳಿವೂ ಇದೆ. ಮೇಲಿನ ತುದಿಯಲ್ಲಿ ಹಾಕಿದ ಬಲ ಕೆಳಗಿನ ತುದಿಯನ್ನು ಎಷ್ಟು ಇಳಿಸುತ್ತದೋ, ಕೆಳಗೆ ಹಾಕಿದ ಅಷ್ಟೇ ಬಲ ಮೇಲಿನ ತುದಿಯನ್ನೂ ಅಷ್ಟೇ ಇಳಿಸುತ್ತದೆ ಎಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1864ರಲ್ಲಿ ತೋರಿಸಿದ್ದ. ಹಾಗಾಗಿ ಕರ್ಣದ ಆಚೀಚಿನ ಮನೆಗಳು ಸಮನಾಗಿರಲೇಬೇಕು. −3 ಮತ್ತು 0 ಸಮನಲ್ಲ.

ಎಡಗಡೆಯದನ್ನು ಪರೀಕ್ಷಿಸಲು k1 ಅನ್ನು 1.01 ಮಾಡಿ. K⁻¹ ನ ನಾಲ್ಕೂ ಮನೆಗಳಲ್ಲಿ 1/k1 ಇದೆ. ಅದು 1 ರಿಂದ ಸುಮಾರು 0.9901ಕ್ಕೆ ಇಳಿಯುತ್ತದೆ. ವ್ಯತ್ಯಾಸವನ್ನು 0.01 ರಿಂದ ಭಾಗಿಸಿದರೆ −0.99. ಸೂತ್ರ ಹೇಳಿದ್ದು −1.

ವಿಲೋಮ ಎರಡು ಸಲ ಬರುವುದೇಕೆ ಎಂಬುದು ಸೂತ್ರವನ್ನು f ನ ಮೇಲೆ ಪ್ರಯೋಗಿಸಿ ಬಲದಿಂದ ಎಡಕ್ಕೆ ಓದಿದಾಗ ಹೊಳೆಯುತ್ತದೆ. ಮೊದಲ K⁻¹ ಬಲವನ್ನು ಇಳಿತವಾಗಿಸುತ್ತದೆ. ಅಷ್ಟು ಇಳಿದಿರುವಾಗ ಸ್ಪ್ರಿಂಗ್ ಬಿಗಿಯಾದರೆ ಅದು ಎಷ್ಟು ಹೆಚ್ಚು ಎಳೆಯುತ್ತದೆ ಎಂದು K' ಹೇಳುತ್ತದೆ. ಆ ಹೆಚ್ಚುವರಿ ಎಳೆತವನ್ನು ಎಡಗಡೆಯ K⁻¹ ಮತ್ತೆ ದೂರವಾಗಿ ಬದಲಿಸುತ್ತದೆ. ಎಳೆತ ಮೇಲ್ಮುಖವಾದ್ದರಿಂದ ಋಣ ಚಿಹ್ನೆ. ಹಾಗಾಗಿ ದೊಡ್ಡ ಲೆಕ್ಕಗಳಲ್ಲಿ ಯಾರೂ ವಿಲೋಮವನ್ನು ಬಿಡಿಸಿ ಬರೆಯುವುದಿಲ್ಲ. u ಕಂಡುಹಿಡಿದು, `K y = -K' u` ಎಂಬ ಇನ್ನೊಂದು ಸಮೀಕರಣ ಬಿಡಿಸಿದರೆ ಆ y ಯೇ ಉತ್ತರ.

ನಿಷ್ಠುರ ಓದುಗರು ಒಂದು ತಕರಾರು ತೆಗೆಯಬಹುದು: K⁻¹ ಗೆ ಡೆರಿವೇಟಿವ್ ಇದೆ ಎಂದು ಮೊದಲೇ ಒಪ್ಪಿಕೊಂಡೇ ಗುಣಲಬ್ಧದ ನಿಯಮ ಹಚ್ಚಿದಿರಲ್ಲ? ತಕರಾರು ನ್ಯಾಯವಾದದ್ದೇ. ಪರಿಹಾರ ನಿರ್ಧಾರಕದಲ್ಲಿದೆ. K⁻¹ ನ ಪ್ರತಿ ಮನೆಯೂ K ಯ ಮನೆಗಳನ್ನು ಕೂಡಿ, ಕಳೆದು, ಗುಣಿಸಿ, ಕೊನೆಗೆ ನಿರ್ಧಾರಕದಿಂದ ಭಾಗಿಸಿ ಬಂದದ್ದು. ನಿರ್ಧಾರಕ ಸೊನ್ನೆಯಾಗದಷ್ಟು ಹೊತ್ತು ಡೆರಿವೇಟಿವ್ ಇದ್ದೇ ಇರುತ್ತದೆ.

ನಮ್ಮ K ಯ ನಿರ್ಧಾರಕ k1 × k2. k1 ಸೊನ್ನೆಯ ಹತ್ತಿರ ಬಂದಂತೆ ಸೂತ್ರ ಸುಳ್ಳಾಗುವುದಿಲ್ಲ, ಆದರೆ ಅದನ್ನು ನೆಚ್ಚಬಹುದಾದ ದೂರ ಕುಗ್ಗುತ್ತದೆ. k1 = 0.01 ಇದ್ದಾಗ 1/k1 ನೂರು, ಬದಲಾಗುವ ದರ −10,000. ಅದನ್ನೇ ನಂಬಿ k1 ಅನ್ನು 0.02 ಮಾಡಿದರೆ ಇಳಿತ ನೂರರಿಂದ ಸೊನ್ನೆಗೆ ಬರಬೇಕು. ನಿಜವಾಗಿ ಬರುವುದು 50ಕ್ಕೆ. k1 ಸೊನ್ನೆಯೇ ಆದರೆ ಮೇಲೆ ಸ್ಪ್ರಿಂಗೇ ಇಲ್ಲ, ವಿಲೋಮವೂ ಇಲ್ಲ.